ಹತ್ತು ನಿಮಿಷದ ಕಥೆ

ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕಿರುಚಿತ್ರ ಸ್ಪರ್ಧೆ ಏರ್ಪಟ್ಟಿತ್ತು. ಬಂದಿದ್ದ ಚಿತ್ರಗಳು 22. ತೀರ್ಪುಗಾರರು ಮೂವರು: ನಿವೃತ್ತರಾದ ಕನ್ನಡ ಪಂಡಿತರೊಬ್ಬರು, ಊರಿನ ಫೋಟೋ ಸ್ಟುಡಿಯೋದ ಯಜಮಾನರೊಬ್ಬರು, ಹವ್ಯಾಸಿ ನಾಟಕಗಳನ್ನು ಆಡಿಸುವ ಮೇಷ್ಟ್ರೊಬ್ಬರು. ಪ್ರತಿಯೊಬ್ಬರ ಮುಂದೆಯೂ ಒಂದು ಅಂಕಪಟ್ಟಿ. ಕಥೆಗೆ 20, ಅಭಿನಯಕ್ಕೆ 20, ಛಾಯಾಗ್ರಹಣಕ್ಕೆ 20, ಧ್ವನಿಗೆ 20, ಸಂದೇಶಕ್ಕೆ 20. ಬೆಳಗ್ಗೆ ಹತ್ತು ಗಂಟೆಗೆ ಕುಳಿತವರು ನಡುವೆ ಒಂದು ಲೋಟ ಕಾಫಿ ಕುಡಿದು, ಒಂದೂವರೆಯ ಹೊತ್ತಿಗೆ ಎಲ್ಲವನ್ನೂ ನೋಡಿ ಮುಗಿಸಿದರು.

ಅಂಕಗಳನ್ನು ಕೂಡಿದಾಗ ಮೊದಲ ಸ್ಥಾನಕ್ಕೆ ಬಂದದ್ದು ವೃದ್ಧಾಶ್ರಮದ ಕಥೆ. ಮಗ ತಂದೆಯನ್ನು ಕಾರಿನಲ್ಲಿ ಕರೆದೊಯ್ದು ಆಶ್ರಮದ ಬಾಗಿಲಲ್ಲಿ ಬಿಡುತ್ತಾನೆ. ತಂದೆ ಹಳೆಯ ದಿನಗಳನ್ನು ನೆನೆಯುತ್ತಾನೆ. ಪಿಟೀಲಿನ ಶೋಕರಾಗ ಮೊದಲಿನಿಂದ ಕೊನೆಯವರೆಗೆ ಹರಿಯುತ್ತದೆ. ಮುಗಿಯುವಾಗ ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ತಂದೆತಾಯಿಗಳನ್ನು ಪ್ರೀತಿಸಬೇಕೆಂಬ ಉಪದೇಶ ಮೂಡುತ್ತದೆ. ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ಒಂದಿಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು.

ಹತ್ತನೆಯ ಸ್ಥಾನದಲ್ಲಿ ಒಂದು ದರ್ಜಿಯ ಕಥೆಯಿತ್ತು. ಅದರಲ್ಲಿ ತಂದೆಯೊಬ್ಬ ಮಗನನ್ನು ದರ್ಜಿಯ ಅಂಗಡಿಗೆ ಕರೆತರುತ್ತಾನೆ. ಶಾಲೆಯ ಸಮವಸ್ತ್ರದ ಪ್ಯಾಂಟು ಗಿಡ್ಡವಾಗಿದೆ; ಮಡಿಕೆ ಬಿಚ್ಚಿ ಉದ್ದ ಮಾಡಿಕೊಡಬೇಕು; ಇನ್ನೊಂದು ವರ್ಷ ಬಂದರೆ ಸಾಕು. ದರ್ಜಿ ಒಳಗಿನ ಮಡಿಕೆಯನ್ನು ತಿರುವಿ ನೋಡುತ್ತಾನೆ, ನೆಲಕ್ಕೆ ಮೊಣಕಾಲೂರಿ ಟೇಪು ಹಿಡಿಯುತ್ತಾನೆ, ಒಂದು ಕ್ಷಣ ಸುಮ್ಮನಾಗುತ್ತಾನೆ, ಏನೋ ಹೇಳುತ್ತಾನೆ. ತಂದೆಮಕ್ಕಳು ಹೊರಟುಹೋಗುತ್ತಾರೆ. ದರ್ಜಿ ಬೀದಿಯ ಕಡೆಗೆ ನೋಡುತ್ತಾ ನಿಲ್ಲುತ್ತಾನೆ. ಒಟ್ಟು ಏಳು ನಿಮಿಷ.

“ಈ ದರ್ಜಿಯ ಚಿತ್ರದಲ್ಲಿ ಏನೂ ನಡೆಯುವುದೇ ಇಲ್ಲವಲ್ಲ, ಸ್ವಾಮಿ?” ಎಂದರು ಸ್ಟುಡಿಯೋದ ಯಜಮಾನರು.

“ಸಂದೇಶದ ಅಂಕಣದಲ್ಲಿ ಏನು ಬರೆಯಬೇಕೆಂದೇ ನನಗೆ ತೋಚಲಿಲ್ಲ, ಎಂಟು ಕೊಟ್ಟೆ,” ಎಂದರು ಪಂಡಿತರು.

ನಾಟಕದ ಮೇಷ್ಟ್ರು ಮಾತ್ರ ಪಟ್ಟಿಗೆ ರುಜು ಹಾಕಲಿಲ್ಲ. “ಅಳತೆ ಕೊಡುವಾಗ ಆ ಹುಡುಗ ಕಾಲಿನಲ್ಲಿ ಏನೋ ಮಾಡಿದ ಹಾಗಿತ್ತು. ಅದೇನೆಂದು ಇನ್ನೊಮ್ಮೆ ನೋಡಬೇಕಲ್ಲ,” ಎಂದರು.

ಆ ಹುಡುಗ ಏನು ಮಾಡಿದನೆಂಬುದನ್ನು ಸದ್ಯಕ್ಕೆ ಬಿಡೋಣ. ಹತ್ತು ನಿಮಿಷದ ಚಿತ್ರವನ್ನು ನೋಡುವುದು ಹೇಗೆ, ಅದರ ಗುಣವನ್ನು ತೂಗುವುದು ಹೇಗೆ ಎಂಬ ಪ್ರಶ್ನೆಗೆ ಆ ಮೇಷ್ಟ್ರ ಸಂಶಯದಲ್ಲಿಯೇ ಅರ್ಧ ಉತ್ತರವಿದೆ.

ಕಿರುಚಿತ್ರವೆಂದರೆ ದೊಡ್ಡ ಚಿತ್ರವನ್ನು ಕತ್ತರಿಸಿ ಕಿರಿದು ಮಾಡಿದ್ದೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕಾದಂಬರಿಯ ಪುಟಗಳನ್ನು ಹರಿದುಹಾಕಿದರೆ ಸಣ್ಣಕಥೆಯಾಗುವುದಿಲ್ಲವೆಂಬುದನ್ನು ಮಾಸ್ತಿಯವರ ಕಥೆಗಳನ್ನು ಓದಿದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ತೆರೆಯ ಮೇಲೂ ಅದೇ ಮಾತು ಸಲ್ಲುತ್ತದೆ. ಚಿತ್ರಕಥೆಯನ್ನು ಬರೆಯುವವರಲ್ಲಿ ಒಂದು ರೂಢಿಯ ಲೆಕ್ಕವುಂಟು: ಬರಹದ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಹಾಗಾದರೆ ಹತ್ತು ನಿಮಿಷವೆಂದರೆ ಹತ್ತೇ ಪುಟ. ಅದರಲ್ಲಿ ಹೆಸರುಗಳ ಪಟ್ಟಿಗೆ ಒಂದು ಪುಟ ಹೋಯಿತು. ಉಳಿದ ಒಂಬತ್ತು ಪುಟಗಳಲ್ಲಿ ಒಬ್ಬ ಮನುಷ್ಯನ ಬಾಲ್ಯ, ಯೌವನ, ವಿವಾಹ, ವಿಯೋಗ, ವೃದ್ಧಾಪ್ಯಗಳೆಲ್ಲ ಹಿಡಿಸುವುದಿಲ್ಲ. ಹಿಡಿಸಲು ಹೊರಟರೆ ಯಾವುದೂ ನಡೆದಂತೆ ತೋರುವುದಿಲ್ಲ, ಎಲ್ಲವೂ ನಡೆದುಹೋಯಿತೆಂದು ಯಾರೋ ವರದಿ ಒಪ್ಪಿಸಿದಂತಾಗುತ್ತದೆ. ಅಷ್ಟು ಜಾಗದಲ್ಲಿ ನೆಮ್ಮದಿಯಾಗಿ ಹಿಡಿಸುವುದು ಒಂದು ಸ್ಥಳ, ಇಬ್ಬರು ಮೂವರು ಮನುಷ್ಯರು, ಅವರ ನಡುವೆ ನಡೆಯುವ ಒಂದೇ ವ್ಯವಹಾರ.

ಇದಕ್ಕೆ ನಿದರ್ಶನವಾಗಿ ಒಂದು ಚಿತ್ರವನ್ನು ಬಿಡಿಸಿ ನೋಡಬಹುದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಚಲಚ್ಚಿತ್ರ ವಿದ್ಯಾರ್ಥಿಯಾಗಿದ್ದ ಆಡಂ ಡೇವಿಡ್‌ಸನ್ 1989ರಲ್ಲಿ ತಯಾರಿಸಿದ ‘ದಿ ಲಂಚ್ ಡೇಟ್’ ಎಂಬ ಚಿತ್ರವದು. ಕಪ್ಪುಬಿಳುಪಿನದು, ಅವಧಿ ಸುಮಾರು ಹತ್ತು ನಿಮಿಷ. 1990ರ ಕಾನ್ ಉತ್ಸವದಲ್ಲಿ ಕಿರುಚಿತ್ರಗಳಿಗೆ ಮೀಸಲಾದ ಪರಮೋಚ್ಚ ಬಹುಮಾನವನ್ನೂ 1991ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಅದು ಪಡೆಯಿತು. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗೆ ಸೇರಿತು.

ಕಥೆ ಇಷ್ಟು. ನ್ಯೂಯಾರ್ಕಿನ ಗ್ರಾಂಡ್ ಸೆಂಟ್ರಲ್ ರೈಲು ನಿಲ್ದಾಣ. ಅನುಕೂಲಸ್ಥಳೆಂದು ಉಡುಪಿನಿಂದಲೇ ತಿಳಿಯುವ, ವಯಸ್ಸಾದ ಬಿಳಿಯ ಮಹಿಳೆಯೊಬ್ಬಳು ಅಂಗಡಿಯ ಚೀಲಗಳನ್ನು ಹಿಡಿದು ರೈಲಿಗಾಗಿ ಧಾವಿಸುತ್ತಿದ್ದಾಳೆ. ಎದುರಿನಿಂದ ಬಂದ ಕರಿಯ ಮನುಷ್ಯನೊಬ್ಬನಿಗೆ ಡಿಕ್ಕಿ ಹೊಡೆಯುತ್ತಾಳೆ. ಕೈಚೀಲದ ಸಾಮಾನು ನೆಲಕ್ಕೆ ಚೆಲ್ಲುತ್ತದೆ. ಆತ ಆಯ್ದುಕೊಡಲು ಬಾಗುತ್ತಾನೆ. ಅವಳಿಗೆ ಅವನ ಸಹಾಯ ಬೇಡ. ಈ ಗಲಿಬಿಲಿಯಲ್ಲಿ ರೈಲು ತಪ್ಪುತ್ತದೆ. ಹಣದ ಪರ್ಸು ಕಾಣೆಯಾಗಿದೆಯೆಂದು ತಿಳಿಯುತ್ತದೆ. ಅಳಿದುಳಿದ ಚಿಲ್ಲರೆಯಲ್ಲಿ ನಿಲ್ದಾಣದ ಉಪಾಹಾರ ಗೃಹದಲ್ಲಿ ಒಂದು ತಟ್ಟೆ ಸಲಾಡು, ಎಂದರೆ ನಮ್ಮ ಕೋಸಂಬರಿಯ ದೂರದ ನೆಂಟ, ಅದನ್ನು ಕೊಳ್ಳುತ್ತಾಳೆ. ತಟ್ಟೆಯನ್ನೂ ಚೀಲಗಳನ್ನೂ ಮೇಜಿನ ಬಳಿ ಇಟ್ಟು ಫೋರ್ಕು ತರಲು ಹೋಗುತ್ತಾಳೆ. ಹಿಂದಿರುಗಿ ಬಂದರೆ, ಬಡವನಂತೆ ಕಾಣುವ ಇನ್ನೊಬ್ಬ ಕರಿಯ ಮನುಷ್ಯ ಅಲ್ಲಿ ಕುಳಿತು ಸಲಾಡು ತಿನ್ನುತ್ತಿದ್ದಾನೆ. ಅದು ತನ್ನದೆನ್ನುತ್ತಾಳೆ, ಆತ ನಗುತ್ತಾನೆ. ತಟ್ಟೆಗೆ ಕೈಹಾಕುತ್ತಾಳೆ, ಆತ ಬಿಡುವುದಿಲ್ಲ. ಕೊನೆಗೆ ಅವಳೂ ಎದುರಿಗೆ ಕುಳಿತು, ಹಠದಿಂದ ಅದೇ ತಟ್ಟೆಗೆ ಫೋರ್ಕು ಚುಚ್ಚಿ ತಿನ್ನತೊಡಗುತ್ತಾಳೆ. ಆತ ನೋಡುತ್ತಾನೆ, ಸಹಿಸಿಕೊಳ್ಳುತ್ತಾನೆ. ತುಸು ಹೊತ್ತಿನ ಮೇಲೆ ಎದ್ದು ಹೋಗಿ ಎರಡು ಲೋಟ ಕಾಫಿ ತರುತ್ತಾನೆ. ಒಂದನ್ನು ಅವಳ ಮುಂದಿಡುತ್ತಾನೆ. ಅವಳು ಕುಡಿಯುತ್ತಾಳೆ. ಎದ್ದು ಹೊರಟ ಮೇಲೆ ಚೀಲಗಳ ನೆನಪಾಗಿ ಓಡಿಬರುತ್ತಾಳೆ. ಮನುಷ್ಯನೂ ಇಲ್ಲ, ಚೀಲಗಳೂ ಇಲ್ಲ. ಗಾಬರಿಯಿಂದ ಅತ್ತಿಂದಿತ್ತ ಸುಳಿದಾಡುವಾಗ ಪಕ್ಕದ ಮೇಜು ಕಣ್ಣಿಗೆ ಬೀಳುತ್ತದೆ. ಅಲ್ಲಿ ಅವಳ ಚೀಲಗಳಿವೆ. ಯಾರೂ ಮುಟ್ಟದ ಅವಳ ಸಲಾಡು ಇದೆ. ಅವಳು ನಕ್ಕು, ರೈಲಿನ ಕಡೆಗೆ ಹೋಗುತ್ತಾಳೆ.

ಈ ಕಥೆಯನ್ನು ಎಲ್ಲಿಯೋ ಕೇಳಿದ್ದೇವಲ್ಲ ಎಂದು ಕೆಲವು ಓದುಗರಿಗೆ ಅನ್ನಿಸಿರಬಹುದು. ರೈಲು ನಿಲ್ದಾಣದಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ಅಪರಿಚಿತನು ತಿನ್ನುವ, ಆಮೇಲೆ ತನ್ನ ಪೊಟ್ಟಣ ತನ್ನಲ್ಲಿಯೇ ಇತ್ತೆಂದು ತಿಳಿಯುವ ಕಥೆ ಬಾಯಿಂದ ಬಾಯಿಗೆ ಹರಿದು ಲೋಕವನ್ನೇ ಸುತ್ತಿದೆ. ಇಂಗ್ಲೆಂಡಿನ ಲೇಖಕ ಡಗ್ಲಸ್ ಆಡಮ್ಸ್ 1984ರ ತನ್ನ ಕಾದಂಬರಿಯೊಂದರಲ್ಲಿಯೂ ಅದನ್ನು ಹೇಳಿಸಿದ್ದಾನೆ. ಆದ್ದರಿಂದ ಕಥಾವಸ್ತುವಿನ ಹೊಸತನಕ್ಕಾಗಿ ಈ ಚಿತ್ರಕ್ಕೆ ಬಹುಮಾನ ಬಂದಿರಲಾರದು. ಬಿಸ್ಕತ್ತಿನ ಕಥೆಯಲ್ಲಿ ಇಲ್ಲದ್ದು ಈ ಚಿತ್ರದಲ್ಲಿ ಏನಿದೆಯೆಂದು ನೋಡಿದರೆ, ಹತ್ತು ನಿಮಿಷದ ಕಥೆ ಗೆಲ್ಲುವ ಬಗೆ ಗೋಚರವಾಗುತ್ತದೆ.

ಮೊದಲನೆಯದು ಆರಂಭ. ಆರಂಭದ ಎರಡು ಮೂರು ನಿಮಿಷಗಳಲ್ಲಿ ಮಹಿಳೆಯ ಪರಿಚಯವನ್ನು ಯಾರೂ ಮಾತಿನಲ್ಲಿ ಮಾಡಿಕೊಡುವುದಿಲ್ಲ. ಅವಳ ಹೆಸರು ತಿಳಿಯುವುದಿಲ್ಲ. ಗಂಡ, ಮಕ್ಕಳು, ಮನೆ ಯಾವುದೂ ತಿಳಿಯುವುದಿಲ್ಲ. ತಿಳಿಯುವುದು ಒಂದೇ: ಸಹಾಯಕ್ಕೆ ಬಂದ ಕರಿಯ ಮನುಷ್ಯನ ಕೈಯನ್ನು ಅವಳು ತಳ್ಳುವ ರೀತಿ. ಮುಂದೆ ನಡೆಯುವುದಕ್ಕೆಲ್ಲ ಅದೊಂದೇ ಬೀಜ. ಜೊತೆಗೆ, ರೈಲು ತಪ್ಪಿದ್ದರಿಂದ ಅವಳಿಗೆ ಕಾಲಹರಣ ಅನಿವಾರ್ಯವಾಯಿತು. ಪರ್ಸು ಹೋದದ್ದರಿಂದ ಎರಡನೆಯ ತಟ್ಟೆ ಕೊಳ್ಳುವುದು ಅಸಾಧ್ಯವಾಯಿತು. ದುಡ್ಡಿದ್ದಿದ್ದರೆ ಅವಳು ಮೂಗು ಮುರಿದು ಇನ್ನೊಂದು ತಟ್ಟೆ ತಂದುಕೊಳ್ಳುತ್ತಿದ್ದಳು. ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆರಂಭದಲ್ಲಿ ನಡೆದ ಒಂದೊಂದು ಸಂಗತಿಯೂ ಅವಳನ್ನು ಆ ಮೇಜಿಗೆ ಕಟ್ಟಿಹಾಕುವ ಹಗ್ಗವಾಗಿದೆ.

ಎರಡನೆಯದು ನಡುವಿನ ಭಾಗ. ಬಿಸ್ಕತ್ತಿನ ಕಥೆಯನ್ನು ಹೇಳುವವರು ನಡುವಿನ ಭಾಗವನ್ನು ಬೇಗ ದಾಟಿ ಕೊನೆಯ ಚಮತ್ಕಾರಕ್ಕೆ ಓಡುತ್ತಾರೆ. ಡೇವಿಡ್‌ಸನ್ ಹಾಗೆ ಓಡದೆ ತನ್ನ ಹತ್ತು ನಿಮಿಷಗಳಲ್ಲಿ ದೊಡ್ಡ ಪಾಲನ್ನು ಮೇಜಿನ ಬಳಿಯಲ್ಲಿಯೇ ಕಳೆಯುತ್ತಾನೆ. ಅಲ್ಲಿ ಹೆಚ್ಚು ಮಾತಿಲ್ಲ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಪ್ರತಿಯಾಗಿ ಮಾಡುವ ಕ್ರಿಯೆಗಳಿವೆ: ತಟ್ಟೆಗೆ ಕೈ, ತಡೆ, ಫೋರ್ಕು, ನಗೆ, ಮೌನ, ಕಾಫಿ. ಜಗಳವೆಂದು ಆರಂಭವಾದದ್ದು ನೋಡನೋಡುತ್ತಿದ್ದಂತೆ ಸಹಭೋಜನವಾಗುತ್ತದೆ. ಈ ಮಾರ್ಪಾಟು ಕೊನೆಯ ಗುಟ್ಟು ಒಡೆಯುವುದಕ್ಕೆ ಮೊದಲೇ ನಡೆದುಹೋಗಿರುತ್ತದೆಂಬುದನ್ನು ಗಮನಿಸಬೇಕು. ಪಕ್ಕದ ಮೇಜಿನ ತಟ್ಟೆಯನ್ನು ತೋರಿಸದೆಯೇ ಚಿತ್ರ ಮುಗಿದಿದ್ದರೂ ಕಾಫಿಯ ಲೋಟದಲ್ಲಿ ಒಂದು ಕಥೆ ಇದ್ದೇ ಇರುತ್ತಿತ್ತು.

ಮೂರನೆಯದು ಮುಕ್ತಾಯ. ಪಕ್ಕದ ಮೇಜಿನ ತಟ್ಟೆ ಪ್ರೇಕ್ಷಕನನ್ನು ಬೆಚ್ಚಿಬೀಳಿಸಿ ಸುಮ್ಮನಾಗುವುದಿಲ್ಲ; ಅವನನ್ನು ಹಿಂದಕ್ಕೆ ಕರೆದೊಯ್ಯುತ್ತದೆ. ಆತ ನಕ್ಕದ್ದು ಕಳ್ಳನ ಉದ್ಧಟತನವೆಂದು ತೋರಿತ್ತು. ಈಗ ನೋಡಿದರೆ ಅದು ತನ್ನ ಅನ್ನಕ್ಕೆ ಕೈಹಾಕಿದ ಅಪರಿಚಿತೆಯನ್ನು ಕಂಡ ಬಡವನ ಅಚ್ಚರಿ. ಆತ ಕಾಫಿ ತಂದದ್ದು ತಪ್ಪಿಗೆ ತೆತ್ತ ದಂಡವೆಂದು ತೋರಿತ್ತು. ಈಗ ಅದು ಶುದ್ಧವಾದ ಔದಾರ್ಯ. ತೆರೆಯ ಮೇಲಿನ ಮಹಿಳೆ ತಪ್ಪು ತಿಳಿದಳೆಂದು ನಗುವುದಕ್ಕೆ ಹೊರಟ ಪ್ರೇಕ್ಷಕ, ಅವಳೊಡನೆ ತಾನೂ ಹಾಗೆಯೇ ತಿಳಿದಿದ್ದೆನಲ್ಲ ಎಂದು ತಡೆಯುತ್ತಾನೆ. ಚಿತ್ರ ಯಾರಿಗೂ ಬುದ್ಧಿ ಹೇಳುವುದಿಲ್ಲ. ವರ್ಣದ್ವೇಷ ಕೂಡದೆಂಬ ಅಕ್ಷರಗಳನ್ನು ಕೊನೆಯಲ್ಲಿ ತೋರಿಸಿದ್ದರೆ ಪ್ರೇಕ್ಷಕನು ಅದನ್ನು ಓದಿ, ಒಪ್ಪಿ, ತನ್ನ ಪಾಡಿಗೆ ಮನೆಗೆ ಹೋಗುತ್ತಿದ್ದ. ನಮ್ಮ ಆಲಂಕಾರಿಕರು ವಾಚ್ಯಕ್ಕಿಂತ ಧ್ವನಿಯನ್ನು ಮೇಲೆಂದದ್ದು ಸುಮ್ಮನೆ ಅಲ್ಲ: ಹೇಳಿದ್ದನ್ನು ಕೇಳಿದವನು ಒಪ್ಪಬಹುದು, ಬಿಡಬಹುದು, ತಾನಾಗಿ ಕಂಡುಕೊಂಡದ್ದನ್ನು ಅವನು ಬಿಟ್ಟುಹೋಗಲಾರ.

ಇದನ್ನು ಓದಿದವರು, ಹಾಗಾದರೆ ಕೊನೆಯಲ್ಲಿ ಒಂದು ತಿರುವು ಇದ್ದರೇ ಕಿರುಚಿತ್ರ ಎಂಬ ನಿರ್ಣಯಕ್ಕೆ ಬಂದರೆ ಅನಾಹುತವಾದೀತು. ಎಲ್ಲವೂ ಕನಸಾಗಿತ್ತು, ಮಾತಾಡುತ್ತಿದ್ದವನು ಸತ್ತು ಎಷ್ಟೋ ಕಾಲವಾಗಿತ್ತು ಎಂಬ ಬಗೆಯ ಮುಕ್ತಾಯಗಳು ಕಿರುಚಿತ್ರಗಳನ್ನು ಮುತ್ತಿರುವುದು ಈ ತಪ್ಪು ತಿಳಿವಳಿಕೆಯಿಂದಲೇ. ಇದಕ್ಕೆ ಮದ್ದಾಗಿ ಸತ್ಯಜಿತ್ ರಾಯ್ 1964ರಲ್ಲಿ ತೆಗೆದ ‘ಟೂ’ ಎಂಬ ಚಿತ್ರವನ್ನು ನೋಡಬೇಕು. ಅಮೆರಿಕದ ದೂರದರ್ಶನದ ಮಾಲಿಕೆಯೊಂದಕ್ಕಾಗಿ ಮಾಡಿದ್ದು. ಇಂಗ್ಲಿಷಿನಲ್ಲಿ ಚಿತ್ರ ಬೇಕೆಂಬ ಕೋರಿಕೆಗೆ ರಾಯ್ ಕೊಟ್ಟ ಉತ್ತರ, ಮಾತೇ ಇಲ್ಲದ ಚಿತ್ರ. ಅವಧಿ ಹದಿನೈದು ನಿಮಿಷವನ್ನು ಮೀರುವುದಿಲ್ಲ.

ಅದರಲ್ಲಿ ಇಬ್ಬರು ಹುಡುಗರು. ಒಬ್ಬ ದೊಡ್ಡ ಮನೆಯ ಕಿಟಕಿಯಲ್ಲಿ. ಇನ್ನೊಬ್ಬ ಕೆಳಗೆ, ಬಯಲಿನ ಗುಡಿಸಿಲಿನ ಬಳಿ. ಕೆಳಗಿನವನು ಕೊಳಲೂದಿದರೆ ಮೇಲಿನವನು ಆಟಿಕೆಯ ತುತ್ತೂರಿ ಊದುತ್ತಾನೆ. ಅವನು ಸಣ್ಣ ಡೋಲು ತಂದರೆ ಇವನು ತಾನಾಗಿಯೇ ಡೋಲು ಬಾರಿಸುವ ಯಂತ್ರದ ಕೋತಿಯನ್ನು ತರುತ್ತಾನೆ. ಅವನ ಮುಖವಾಡಕ್ಕೆ, ಬಿಲ್ಲುಬಾಣಕ್ಕೆ ಇವನಲ್ಲಿ ಇನ್ನೂ ಹೆಚ್ಚಿನ ಮುಖವಾಡ, ಕತ್ತಿ, ಬಂದೂಕುಗಳಿವೆ. ಸೋತ ಹುಡುಗ ಗುಡಿಸಿಲಿಗೆ ಹೋಗಿ ಗಾಳಿಪಟವನ್ನು ಹಾರಿಸುತ್ತಾನೆ. ಮೇಲಿನವನ ಕೋಣೆಯಲ್ಲಿ ಅದಕ್ಕೆ ಉತ್ತರವಿಲ್ಲ. ಅವನು ಏರ್‌ಗನ್ನಿನಿಂದ ಗಾಳಿಪಟವನ್ನು ಹೊಡೆದು ಹರಿದುಹಾಕುತ್ತಾನೆ. ಮರಳಿ ತನ್ನ ಯಂತ್ರದ ಆಟಿಕೆಗಳಿಗೆಲ್ಲ ಕೀಲಿ ಕೊಟ್ಟು, ಅವುಗಳ ಗದ್ದಲದ ನಡುವೆ ವಿಜಯಿಯಾಗಿ ನಿಂತಾಗ ಹೊರಗಿನಿಂದ ಮತ್ತೆ ಕೊಳಲಿನ ದನಿ ಕೇಳಿಬರುತ್ತದೆ. ಆಟಿಕೆಯ ಯಂತ್ರಮಾನವನೊಬ್ಬ ನಡೆಯುತ್ತಾ ಹೋಗಿ ಅವನೇ ಕಟ್ಟಿದ್ದ ಗೋಪುರವನ್ನು ಕೆಡವುತ್ತಾನೆ.

ಇಲ್ಲಿ ಗುಟ್ಟಿಲ್ಲ, ತಿರುವಿಲ್ಲ. ಮುಂದೇನೆಂಬುದನ್ನು ಪ್ರೇಕ್ಷಕನು ಅರ್ಧ ಊಹಿಸಿಯೇ ಇರುತ್ತಾನೆ. ಆದರೂ ಅದು ಹಿಡಿದಿಡುತ್ತದೆ. ಏಕೆಂದರೆ ಪ್ರತಿಯೊಂದು ಕ್ರಿಯೆಯೂ ಹಿಂದಿನದಕ್ಕೆ ಉತ್ತರವಾಗಿ ಬರುತ್ತದೆ. ಪ್ರತಿಯೊಂದು ಉತ್ತರವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಮೊದಲು ಕೇಳಿದ ಕೊಳಲು ಕೊನೆಗೆ ಕೇಳಿದಾಗ ಅದರ ಅರ್ಥ ಬೇರೆಯಾಗಿರುತ್ತದೆ. ನ್ಯೂಯಾರ್ಕಿನ ತಟ್ಟೆಗೂ ಕಲ್ಕತ್ತೆಯ ಕೊಳಲಿಗೂ ಇರುವ ಸಮಾನಧರ್ಮ ಇದೇ: ಮೊದಲು ಕಂಡದ್ದು ಕೊನೆಯಲ್ಲಿ ಬೇರೆಯಾಗಿ ಕಾಣುತ್ತದೆ. ತಿರುವು ಅದನ್ನು ಸಾಧಿಸುವ ಒಂದು ದಾರಿ, ಒಂದೇ ದಾರಿಯಲ್ಲ.

ಆದ್ದರಿಂದ ಕಿರುಚಿತ್ರದ ಗುಣವನ್ನು ಅಳೆಯುವವನು ಮೂರು ಕೆಲಸಗಳನ್ನು ಮಾಡಬಹುದು. ಮೊದಲ ಎರಡು ನಿಮಿಷಗಳಾದ ಮೇಲೆ ಚಿತ್ರವನ್ನು ನಿಲ್ಲಿಸಿ, ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡಿ ಏನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಲು ಯತ್ನಿಸಬೇಕು. ಗಡಿಯಾರದ ಗಂಟೆ ಹೊಡೆದು ನಾಯಕನು ಹಾಸಿಗೆಯಿಂದೇಳುವುದು, ಹಲ್ಲುಜ್ಜುವುದು, ಕನ್ನಡಿ ನೋಡಿಕೊಳ್ಳುವುದು, ಇಷ್ಟರಲ್ಲಿಯೇ ಎರಡು ನಿಮಿಷ ಕಳೆದಿದ್ದರೆ ಬರೆಯಲು ವಾಕ್ಯವೇ ಸಿಗುವುದಿಲ್ಲ. ಹತ್ತರಲ್ಲಿ ಎರಡು ಹೋಯಿತೆಂದರೆ ಐದನೆಯ ಒಂದು ಭಾಗ ಹೋಯಿತು. ಎರಡೂವರೆ ಗಂಟೆಯ ಚಿತ್ರದಲ್ಲಿ ಅರ್ಧ ಗಂಟೆ ವ್ಯರ್ಥವಾದಂತೆ.

ಎರಡನೆಯ ಕೆಲಸ, ನಡುವಿನ ಎರಡು ಮೂರು ನಿಮಿಷಗಳನ್ನು ಸದ್ದಡಗಿಸಿ ನೋಡುವುದು. ಹಿನ್ನೆಲೆ ಸಂಗೀತವು ದುಃಖಪಡಿರೆಂದು ಆಜ್ಞೆ ಮಾಡದಿದ್ದಾಗಲೂ ಮುಖಗಳಲ್ಲಿ, ಕೈಗಳಲ್ಲಿ ಏನಾದರೂ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ಕಥೆ ತೆರೆಯ ಮೇಲಿದೆ. ಇಲ್ಲವಾದರೆ ಕಥೆ ಪಿಟೀಲಿನಲ್ಲಿದೆ. ಈ ಪರೀಕ್ಷೆಗೆ ಒಂದು ಮಿತಿಯುಂಟು. ಮಾತಿನಲ್ಲಿಯೇ ಪ್ರಾಣವನ್ನಿಟ್ಟುಕೊಂಡ ಒಳ್ಳೆಯ ಚಿತ್ರಗಳೂ ಇವೆ. ಕೊಳಲೇ ಅರ್ಥವಾದ ‘ಟೂ’ ಚಿತ್ರದ ಮುಕ್ತಾಯವನ್ನು ಸದ್ದಡಗಿಸಿ ನೋಡುವುದು ಅನ್ಯಾಯ. ಆದ್ದರಿಂದ ಇದು ಸಂಗೀತದ ಮರೆಯನ್ನು ಸರಿಸಿ ನೋಡುವ ಉಪಾಯವೇ ಹೊರತು ತೀರ್ಪಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಎರಡನೆಯ ನೋಟ. ಎರಡು ಗಂಟೆಯ ಚಿತ್ರವನ್ನು ತೀರ್ಪುಗಾರನು ಎರಡು ಸಲ ನೋಡುವುದು ಕಷ್ಟ. ಹತ್ತು ನಿಮಿಷದ್ದನ್ನು ನೋಡದಿರುವುದಕ್ಕೆ ನೆಪವಿಲ್ಲ. ಗುಟ್ಟಿನ ಮೇಲೆಯೇ ನಿಂತ ಚಿತ್ರ ಎರಡನೆಯ ಸಲ ಬರಿದಾಗುತ್ತದೆ. ಒಗಟಿನ ಉತ್ತರ ತಿಳಿದ ಮೇಲೆ ಒಗಟನ್ನು ಯಾರೂ ಮತ್ತೆ ಕೇಳಬಯಸುವುದಿಲ್ಲ. ನಿಜವಾದ ಚಿತ್ರ ಎರಡನೆಯ ಸಲ ತುಂಬಿಕೊಳ್ಳುತ್ತದೆ.

ಇಂಥ ಚಿತ್ರಗಳು ಸಿಗುವುದೆಲ್ಲಿ ಎಂಬುದು ಮುಂದಿನ ಪ್ರಶ್ನೆ. ಯೂಟ್ಯೂಬಿನಲ್ಲಿ ಕಿರುಚಿತ್ರವೆಂದು ಹುಡುಕಿದರೆ ಸಾವಿರಾರು ಬರುತ್ತವೆ. ಅವುಗಳಲ್ಲಿ ಮೇಲೆ ನಿಲ್ಲುವುದು ಹೆಚ್ಚು ಜನ ನೋಡಿದ್ದು. ಹೆಚ್ಚು ಜನ ನೋಡುವುದು ಮೇಲೆ ನಿಂತದ್ದನ್ನು. ಈ ಸುತ್ತಿನಿಂದ ಹೊರಬರಲು ಹುಡುಕಾಟವನ್ನು ಬೇರೆ ತುದಿಯಿಂದ ಆರಂಭಿಸಬೇಕು. ಮೊದಲು ಉತ್ಸವಗಳ ಹಳೆಯ ಬಹುಮಾನ ಪಟ್ಟಿಗಳನ್ನು ಓದಬೇಕು. ಜರ್ಮನಿಯ ಓಬರ್‌ಹೌಸೆನ್‌ನಲ್ಲಿ 1954ರಿಂದ, ಮುಂಬಯಿಯಲ್ಲಿ 1990ರಿಂದ ಕಿರುಚಿತ್ರಗಳ ಉತ್ಸವಗಳು ನಡೆಯುತ್ತಾ ಬಂದಿವೆ. ಫ್ರಾನ್ಸಿನ ಕ್ಲೆರ್ಮಾಂ ಫೆರಾಂ ಎಂಬ ಊರಿನದು ಕಿರುಚಿತ್ರಕ್ಕಾಗಿಯೇ ಮೀಸಲಾದ ದೊಡ್ಡ ಉತ್ಸವ. ಅಲ್ಲಿಂದ ಚಿತ್ರದ ಹೆಸರು, ನಿರ್ದೇಶಕನ ಹೆಸರು, ವರ್ಷ, ಅವಧಿ ಈ ನಾಲ್ಕನ್ನೂ ಬರೆದುಕೊಂಡು ಹುಡುಕಬೇಕು. ‘ಟೂ’ ಎಂದಷ್ಟೇ ಹುಡುಕಿದವನಿಗೆ ರಾಯ್ ಅವರ ಚಿತ್ರ ಸಿಗುವುದು ದೈವಯೋಗವೇ ಸರಿ. ಸಿಕ್ಕಿದ ಪ್ರತಿಯ ಅವಧಿಯನ್ನು ಪಟ್ಟಿಯ ಅವಧಿಯೊಡನೆ ತಾಳೆ ನೋಡಬೇಕು. ಎರಡು ಮೂರು ನಿಮಿಷ ಕಡಮೆಯಿದ್ದರೆ ಯಾರೋ ಕತ್ತರಿ ಆಡಿಸಿದ್ದಾರೆಂದು ತಿಳಿಯಬಹುದು. ಆರಂಭದಲ್ಲಿ ಒಂದು ನಿಮಿಷ ಕತ್ತರಿಸಿದರೂ ‘ಲಂಚ್ ಡೇಟ್’ನ ಮಹಿಳೆ ಮೇಜಿಗೆ ಏಕೆ ಅಂಟಿಕೊಂಡಳೆಂದು ತಿಳಿಯದೆ ಹೋಗುತ್ತದೆ.

ಬಹುಮಾನ ಬಂದ ಹೊಸ ಚಿತ್ರ ಕೂಡಲೇ ಸಿಗದಿದ್ದರೆ ನಿರಾಶರಾಗಬೇಕಾಗಿಲ್ಲ. ಅನೇಕ ಉತ್ಸವಗಳವರು ಅಂತರ್ಜಾಲದಲ್ಲಿ ಈಗಾಗಲೇ ಬಿಡುಗಡೆಯಾದ ಚಿತ್ರವನ್ನು ಸ್ವೀಕರಿಸುವುದಿಲ್ಲ. ಆದ್ದರಿಂದ ತಯಾರಕರು ಒಂದೆರಡು ವರ್ಷ ಉತ್ಸವಗಳನ್ನು ಸುತ್ತಿಸಿ ಅನಂತರ ಅದನ್ನು ಎಲ್ಲರಿಗೂ ತೆರೆಯುವುದು ವಾಡಿಕೆ. ಹಳೆಯವುಗಳಿಗೆ ಸಂಸ್ಥೆಗಳ ಸ್ವಂತ ಭಂಡಾರಗಳೇ ಉತ್ತಮ. ಕೆನಡಾ ದೇಶದ ರಾಷ್ಟ್ರೀಯ ಚಲಚ್ಚಿತ್ರ ಮಂಡಳಿ ತನ್ನ ಬಹುಸಂಖ್ಯೆಯ ಚಿತ್ರಗಳನ್ನು ತನ್ನದೇ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಒಂದು ಹೂವಿಗಾಗಿ ಇಬ್ಬರು ನೆರೆಯವರು ಹೊಡೆದಾಡಿ ಸಾಯುವ, ಎಂಟು ನಿಮಿಷದ ‘ನೇಬರ್ಸ್’ ಎಂಬ ನಾರ್ಮನ್ ಮೆಕ್ಲಾರೆನ್‌ರ 1952ರ ಚಿತ್ರ ಆ ಮಂಡಳಿಯದೇ.

ಇನ್ನೊಂದು ಊಟೆ ಚಲಚ್ಚಿತ್ರ ಶಾಲೆಗಳು. ಅಲ್ಲಿ ವಿದ್ಯಾರ್ಥಿಗಳು ತರಗತಿಯ ಅಭ್ಯಾಸವಾಗಿ ಚಿತ್ರ ಮಾಡುತ್ತಾರೆ; ದುಡ್ಡು ಕಡಮೆ, ದಿನ ಕಡಮೆ, ಆದರೆ ಮಾರಾಟದ ಚಿಂತೆಯಿಲ್ಲ. 2024ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿ ಚಿದಾನಂದ ಎಸ್. ನಾಯ್ಕ್ ಎಂಬ ಕನ್ನಡಿಗರು ಮಾಡಿದ ಕನ್ನಡ ಚಿತ್ರವೇ. ‘ಸೂರ್ಯಕಾಂತಿ ಹೂಗಳಿಗೆ ಮೊದಲು ಗೊತ್ತಾಯಿತು’ ಎಂಬರ್ಥದ ಇಂಗ್ಲಿಷ್ ಹೆಸರು ಅದಕ್ಕೆ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದುಬಿಡುತ್ತಾಳೆ. ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಜನಪದದಿಂದ ಎತ್ತಿಕೊಂಡ ವಸ್ತು. ಹದಿನಾರು ನಿಮಿಷದ ಈ ಚಿತ್ರಕ್ಕೂ ಆಧಾರ ಒಂದೇ ಕ್ರಿಯೆ: ಕೋಳಿಯ ಕಳವು.

ಈಗ ಆ ಕಾಲೇಜಿನ ಸಭಾಂಗಣಕ್ಕೆ ಮರಳಬಹುದು. ಊಟ ಮುಗಿಸಿ ಬಂದ ಮೂವರೂ ಎರಡು ಚಿತ್ರಗಳನ್ನು ಮತ್ತೊಮ್ಮೆ ಹಾಕಿಸಿದರು. ವೃದ್ಧಾಶ್ರಮದ ಚಿತ್ರ ಎರಡನೆಯ ಸಲ ಮೊದಲಿನಂತೆಯೇ ಇತ್ತು. ಮಗ ಏಕೆ ಹಾಗೆ ಮಾಡಿದನೆಂಬುದಕ್ಕೆ ಅಲ್ಲಿ ಒಂದು ಕ್ಷಣವೂ ದೊರೆತಿರಲಿಲ್ಲ; ಅವನು ಕೆಟ್ಟವನಾಗಿರಬೇಕೆಂದು ಕಥೆಗೆ ಬೇಕಾಗಿತ್ತು, ಆದ್ದರಿಂದ ಕೆಟ್ಟವನಾಗಿದ್ದ. ಪಂಡಿತರ ಮಾತಿನ ಮೇಲೆ ಸದ್ದಡಗಿಸಿ ನೋಡಿದಾಗ ತಂದೆಯ ಪಾತ್ರದವನು ಬಹಳ ಹೊತ್ತು ಸುಮ್ಮನೆ ಗೋಡೆ ನೋಡುತ್ತಿದ್ದುದು ಕಂಡಿತು.

ಬಳಿಕ ದರ್ಜಿಯ ಚಿತ್ರ. ದರ್ಜಿ ಟೇಪು ಹಿಡಿದು ಮೊಣಕಾಲೂರಿದ. ಹುಡುಗ ತಂದೆಯ ಮುಖವನ್ನೊಮ್ಮೆ ನೋಡಿದ. ಯಾರಿಗೂ ತಿಳಿಯದಂತೆ ಎರಡೂ ಮೊಣಕಾಲುಗಳನ್ನು ತುಸು ಬಗ್ಗಿಸಿದ. ಗಿಡ್ಡವಾಗಿದ್ದ ಪ್ಯಾಂಟು ಹಿಮ್ಮಡಿಯನ್ನು ಮುಟ್ಟಿತು. ದರ್ಜಿಯ ಕಣ್ಣು ಆ ಬಗ್ಗಿದ ಮೊಣಕಾಲಿನ ಮೇಲೆ ಒಂದು ಕ್ಷಣ ನಿಂತಿತು. ಅವನ ಕೈ ನೆಟ್ಟಗೆ ನಿಲ್ಲೆಂದು ತಟ್ಟುವುದಕ್ಕೆ ಮೇಲೆದ್ದು ತಟ್ಟದೆ ಹಿಂದೆ ಸರಿಯಿತು. ಅವನು ತಂದೆಯ ಕಡೆಗೆ ತಿರುಗಿ ಒಂದು ಮಾತು ಹೇಳಿದ. ಮೇಷ್ಟ್ರು ತೆರೆಯ ಹತ್ತಿರಕ್ಕೆ ಹೋಗಿ ಕಿವಿಗೊಟ್ಟರು. “ಬರುತ್ತದೆ,” ಎಂದಿದ್ದ ದರ್ಜಿ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪಂಡಿತರು ಕನ್ನಡಕವನ್ನು ತೆಗೆದು ಒರೆಸಿಕೊಂಡು, “ಇದಕ್ಕೆ ಸಂದೇಶದಲ್ಲಿ ಎಂಟು ಕೊಟ್ಟೆನಲ್ಲ ಮೇಷ್ಟ್ರೇ!” ಎಂದರು.

ಸ್ಟುಡಿಯೋದ ಯಜಮಾನರು ಒಪ್ಪಲಿಲ್ಲ. ಅವರ ಆಕ್ಷೇಪಣೆಯೂ ಹುರುಳಿಲ್ಲದ್ದಾಗಿರಲಿಲ್ಲ. “ನಾವು ಸರಿಯಾಗಿ ನೋಡಲಿಲ್ಲ, ನಿಜ. ಆದರೆ ಇಡೀ ಚಿತ್ರಕ್ಕೆ ಇರುವುದು ಒಂದೇ ಮಾತು. ಆ ಮಾತನ್ನು ಅಂಗಡಿಯ ಫ್ಯಾನಿನ ಸದ್ದು ನುಂಗಿದೆ. ಫ್ಯಾನು ನಿಲ್ಲಿಸಿ ಚಿತ್ರ ತೆಗೆಯಬೇಕೆಂಬ ಬುದ್ಧಿ ಇರಬೇಡವೇ? ಮೊಣಕಾಲನ್ನು ಇನ್ನೂ ಹತ್ತಿರದಿಂದ ತೋರಿಸಬಾರದೆಂದು ಯಾರು ಹೇಳಿದ್ದರು? ಜನರೇನು ಎರಡು ಸಲ ನೋಡುತ್ತಾರೆಯೇ?” ಎಂದರು.

ಎರಡನೆಯ ನೋಟ ತೀರ್ಪುಗಾರನ ಕರ್ತವ್ಯವಾದರೆ, ಮೊದಲನೆಯ ನೋಟದಲ್ಲಿಯೇ ಕಥೆ ತಲುಪುವಂತೆ ಮಾಡುವುದು ನಿರ್ದೇಶಕನ ಕರ್ತವ್ಯ. ನ್ಯೂಯಾರ್ಕಿನ ಮಹಿಳೆಗೆ ಪಕ್ಕದ ಮೇಜು ಕಾಣದಿದ್ದರೂ ಪ್ರೇಕ್ಷಕನಿಗೆ ಅದು ಕೊನೆಗಾದರೂ ಸ್ಪಷ್ಟವಾಗಿ ಕಂಡಿತು. ಸೂಕ್ಷ್ಮವಾಗಿರುವುದೂ ಅಸ್ಪಷ್ಟವಾಗಿರುವುದೂ ಒಂದೇ ಅಲ್ಲ. ಚಿತ್ರದಲ್ಲಿ ಒಂದೇ ಮಾತಿದ್ದರೆ ಆ ಮಾತು ಕೇಳಿಸಲೇಬೇಕು.

ಕೊನೆಗೆ ಇಬ್ಬರ ಮತ ಒಂದು ಕಡೆಯಾಗಿ ದರ್ಜಿಯ ಚಿತ್ರಕ್ಕೆ ಮೊದಲ ಬಹುಮಾನವಾಯಿತು. ಯಜಮಾನರ ಭಿನ್ನಾಭಿಪ್ರಾಯವನ್ನೂ ಪಟ್ಟಿಯಲ್ಲಿ ಬರೆದರು. ಬಹುಮಾನ ಪಡೆಯಲು ಬಂದ ಹುಡುಗಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವಳನ್ನು ಹತ್ತಿರ ಕರೆದು, “ಚೆನ್ನಾಗಿದೆಯಮ್ಮಾ; ಆದರೆ ಫ್ಯಾನು!” ಎಂದರು ಯಜಮಾನರು.

“ಗೊತ್ತಿತ್ತು ಸಾರ್. ಮಧ್ಯಾಹ್ನದ ಬಿಸಿಲು, ಗಿರಾಕಿಗಳು ಕಾಯುತ್ತಿದ್ದರು. ಅಂಗಡಿಯವರಿಗೆ ಫ್ಯಾನು ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ,” ಎಂದಳು ಆಕೆ.

“ಆ ಒಂದು ಮಾತನ್ನು ಬೇರೆಯಾಗಿ ಹೇಳಿಸಿ ಸೇರಿಸಬಹುದು. ಭಾನುವಾರ ಸ್ಟುಡಿಯೋಕ್ಕೆ ಬಾ. ದರ್ಜಿಯಾದವರನ್ನೂ ಕರೆದುಕೊಂಡು ಬಾ,” ಎಂದರು ಯಜಮಾನರು.